ವೆಂಚುರಿಮೀಟರ್ ವರದಿಯ ಮಾದರಿ ಲೆಕ್ಕ: ಪ್ರತಿ ಹೆಜ್ಜೆಯೂ ಪ್ರತಿ ಏಕಮಾನವೂ ಕಾಣುವಂತೆ ಬರೆಯುವ ಬಗೆ

ದ್ರವಯಂತ್ರಶಾಸ್ತ್ರದ ಪ್ರಯೋಗಾಲಯದ ರೆಕಾರ್ಡ್‌ಗಳನ್ನು ಹಲವು ವರ್ಷಗಳಿಂದ ತಿದ್ದುತ್ತಿದ್ದೇನೆ. ಪುಟ ತಿರುಗಿಸಿದ ಕೂಡಲೇ ನನ್ನ ಕಣ್ಣು ಹೋಗುವುದು ಕೋಷ್ಟಕದ ಕೆಳಗಿರುವ ‘ಮಾದರಿ ಲೆಕ್ಕ’ಕ್ಕೆ. ಕೋಷ್ಟಕದಲ್ಲಿ ಐದಾರು ಸಾಲು ಅಂಕಿಗಳಿರುತ್ತವೆ, ಕೊನೆಯ ಅಂಕಣದಲ್ಲಿ ಒಂದು ಉತ್ತರವಿರುತ್ತದೆ. ಆ ಉತ್ತರ ಎಲ್ಲಿಂದ ಬಂತು ಎಂಬುದನ್ನು ಓದುಗ ತಾನೇ ಪರೀಕ್ಷಿಸಿ ನೋಡಲು ವರದಿಯಲ್ಲಿರುವ ಜಾಗ ಅದೊಂದೇ. ಅಲ್ಲಿ ಸೂತ್ರ ಒಂದು ಸಾಲು, ಉತ್ತರ ಒಂದು ಸಾಲು ಇದ್ದು ನಡುವೆ ಏನೂ ಇಲ್ಲದಿದ್ದರೆ ಆ ವರದಿಯನ್ನು ನಂಬುವುದಕ್ಕೂ ಆಗುವುದಿಲ್ಲ, ತಿದ್ದುವುದಕ್ಕೂ ಆಗುವುದಿಲ್ಲ.

ಹಾಗಾಗಿ ಒಂದೇ ಒಂದು ಲೆಕ್ಕವನ್ನು ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಬರೆದು ತೋರಿಸುತ್ತೇನೆ. ಆರಿಸಿಕೊಂಡಿರುವುದು ವೆಂಚುರಿಮೀಟರಿನ ಹರಿವಿನ ಗುಣಾಂಕ. ಸಿವಿಲ್, ಮೆಕ್ಯಾನಿಕಲ್ ವಿದ್ಯಾರ್ಥಿಗಳೆಲ್ಲ ಮಾಡುವ ಪ್ರಯೋಗ ಇದು. ಮಿಲಿಮೀಟರ್, ಸೆಂಟಿಮೀಟರ್, ಪಾದರಸದ ಕಂಬ, ನೀರಿನ ಕಂಬ, ಸೆಕೆಂಡು ಎಲ್ಲವೂ ಒಂದೇ ಪುಟದಲ್ಲಿ ಸೇರುವುದರಿಂದ ಏಕಮಾನಗಳು ಎಡವುವ ಜಾಗಗಳೂ ಇಲ್ಲಿ ಹೆಚ್ಚು.

ಪ್ರಯೋಗವನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಕೊಳವೆಯೊಂದು ನಡುವೆ ಕಿರಿದಾಗಿ ಮತ್ತೆ ಅಗಲವಾಗುತ್ತದೆ. ಕಿರಿದಾದ ಭಾಗಕ್ಕೆ ಗಂಟಲು ಎನ್ನುತ್ತಾರೆ. ಗಂಟಲಿನಲ್ಲಿ ನೀರಿನ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಒಳದಾರಿಗೂ ಗಂಟಲಿಗೂ ನಡುವಿನ ಒತ್ತಡದ ವ್ಯತ್ಯಾಸವನ್ನು ಪಾದರಸ ತುಂಬಿದ ಯು ಆಕಾರದ ಮ್ಯಾನೊಮೀಟರ್ ತೋರಿಸುತ್ತದೆ. ಅದರಿಂದ ಲೆಕ್ಕ ಹಾಕಿ ಪಡೆದ ಹರಿವು ಸೈದ್ಧಾಂತಿಕ ಹರಿವು. ಹೊರಬಂದ ನೀರನ್ನು ಅಳತೆಯ ತೊಟ್ಟಿಯಲ್ಲಿ ಹಿಡಿದು, ಇಷ್ಟು ಎತ್ತರ ಏರಲು ಎಷ್ಟು ಸೆಕೆಂಡು ಬೇಕಾಯಿತು ಎಂದು ನೋಡಿ ಪಡೆದದ್ದು ವಾಸ್ತವ ಹರಿವು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಹರಿವಿನ ಗುಣಾಂಕ. ಕೊಳವೆಯೊಳಗಿನ ಘರ್ಷಣೆಯನ್ನು ಸೂತ್ರ ಲೆಕ್ಕಕ್ಕೆ ತೆಗೆದುಕೊಂಡಿಲ್ಲವಾದ್ದರಿಂದ ಈ ಗುಣಾಂಕ 1ಕ್ಕಿಂತ ಸ್ವಲ್ಪ ಕಡಿಮೆ ಬರಬೇಕು.

ಯಾವ ಸಾಲನ್ನು ಆರಿಸಬೇಕು

ಬಹುಪಾಲು ವಿದ್ಯಾರ್ಥಿಗಳು ಮೊದಲ ಸಾಲನ್ನೇ ತೆಗೆದುಕೊಳ್ಳುತ್ತಾರೆ. ಮೊದಲ ಸಾಲೆಂದರೆ ಸಾಮಾನ್ಯವಾಗಿ ವಾಲ್ವ್ ಸ್ವಲ್ಪವೇ ತೆರೆದಾಗಿನ ಓದು. ಆಗ ಪಾದರಸದ ವ್ಯತ್ಯಾಸ ಎರಡು ಮೂರು ಸೆಂಟಿಮೀಟರ್ ಮಾತ್ರ ಇರುತ್ತದೆ, ಓದುವಾಗ ಎರಡು ಮಿಲಿಮೀಟರ್ ತಪ್ಪಿದರೂ ಉತ್ತರ ಅಲುಗಾಡುತ್ತದೆ. ವಾಲ್ವ್ ಪೂರ್ತಿ ತೆರೆದ ಕೊನೆಯ ಸಾಲಿನಲ್ಲಿ ಪಾದರಸವೇ ನಿಲ್ಲದೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಮಧ್ಯದ ಸಾಲು ಒಳ್ಳೆಯದು. ಜೊತೆಗೆ, ಆ ಸಾಲಿನ ಅಂಕಿಗಳು 10, 20, 100 ಎಂಬಂತೆ ಗುಂಡಾಗಿಲ್ಲದಿದ್ದರೆ ಇನ್ನೂ ಒಳ್ಳೆಯದು. ವ್ಯತ್ಯಾಸ ಸರಿಯಾಗಿ 10 ಸೆಂಟಿಮೀಟರ್ ಇದ್ದರೆ 0.1 ಎಲ್ಲಿಂದ ಬಂತು, 100ರಿಂದ ಭಾಗಿಸಿದ್ದೋ ಬೇರೆ ಯಾವುದರಿಂದಲೋ ಎಂಬುದು ಓದುಗನಿಗೆ ತಿಳಿಯುವುದಿಲ್ಲ. 14.6 ಇದ್ದರೆ ಆ ಅಂಕಿ ಮುಂದಿನ ಸಾಲುಗಳಲ್ಲಿ ಎಲ್ಲಿಗೆ ಹೋಯಿತೆಂದು ಕಣ್ಣಿಗೆ ಬೀಳುತ್ತದೆ.

ಆರಿಸಿದ ಮೇಲೆ ಅದನ್ನು ಹೇಳಬೇಕು. ‘ಮಾದರಿ ಲೆಕ್ಕ (ಕೋಷ್ಟಕ 1, ಓದು 3)’ ಎಂಬ ಒಂದು ತಲೆಬರಹ ಸಾಕು. ಕೋಷ್ಟಕದ ಎಲ್ಲ ಸಾಲುಗಳ ಸರಾಸರಿಗಳನ್ನು ತೆಗೆದುಕೊಂಡು ಮಾದರಿ ಲೆಕ್ಕ ಮಾಡಬೇಡಿ. ಸರಾಸರಿ ವ್ಯತ್ಯಾಸ, ಸರಾಸರಿ ಸಮಯ ಎಂಬ ಓದು ಪ್ರಯೋಗದಲ್ಲಿ ನಡೆದೇ ಇಲ್ಲ. ಅದರ ಉತ್ತರ ಕೋಷ್ಟಕದ ಯಾವ ಸಾಲಿಗೂ ಹೊಂದುವುದಿಲ್ಲ, ಆದ್ದರಿಂದ ಅದು ಯಾವ ಸಾಲನ್ನೂ ಪರೀಕ್ಷಿಸುವುದಿಲ್ಲ.

ಮೊದಲು ಸಾಮಗ್ರಿ, ಆಮೇಲೆ ಲೆಕ್ಕ

ಲೆಕ್ಕ ಶುರುವಾಗುವ ಮುನ್ನ ಅದಕ್ಕೆ ಬೇಕಾದ ಎಲ್ಲ ಅಂಕಿಗಳನ್ನೂ ಒಂದೆಡೆ ಇಡಿ. ಪ್ರತಿಯೊಂದರ ಪಕ್ಕದಲ್ಲಿ ಏಕಮಾನ ಇರಲಿ, ಅದು ಎಲ್ಲಿಂದ ಬಂತು ಎಂಬುದೂ ಇರಲಿ. ನಮ್ಮ ಉದಾಹರಣೆಯಲ್ಲಿ ಅದು ಹೀಗಿದೆ:

| ಅಂಶ | ಚಿಹ್ನೆ | ಬೆಲೆ | ಎಲ್ಲಿಂದ |
|---|---|---|---|
| ಒಳದಾರಿಯ ವ್ಯಾಸ | d₁ | 40 ಮಿ.ಮೀ. | ಉಪಕರಣದ ಫಲಕ |
| ಗಂಟಲಿನ ವ್ಯಾಸ | d₂ | 20 ಮಿ.ಮೀ. | ಉಪಕರಣದ ಫಲಕ |
| ಎಡತೋಳಿನ ಓದು | h₁ | 31.4 ಸೆಂ.ಮೀ. | ಅಳೆದದ್ದು |
| ಬಲತೋಳಿನ ಓದು | h₂ | 16.8 ಸೆಂ.ಮೀ. | ಅಳೆದದ್ದು |
| ತೊಟ್ಟಿಯ ಒಳ ಅಳತೆ | L × B | 0.50 ಮೀ. × 0.50 ಮೀ. | ಅಳೆದದ್ದು |
| ನೀರು ಏರಿದ ಎತ್ತರ | R | 20.0 ಸೆಂ.ಮೀ. | ಅಳೆದದ್ದು |
| ತೆಗೆದುಕೊಂಡ ಸಮಯ | t | 26.7 ಸೆ. | 26.5, 26.7, 26.9ರ ಸರಾಸರಿ |
| ಪಾದರಸದ ಸಾಪೇಕ್ಷ ಸಾಂದ್ರತೆ | Sm | 13.6 | ಪಠ್ಯಪುಸ್ತಕ |
| ನೀರಿನ ಸಾಪೇಕ್ಷ ಸಾಂದ್ರತೆ | Sw | 1.0 | ಪಠ್ಯಪುಸ್ತಕ |
| ಗುರುತ್ವ ವೇಗೋತ್ಕರ್ಷ | g | 9.81 ಮೀ./ಸೆ.² | ಪಠ್ಯಪುಸ್ತಕ |

ಈ ಕೋಷ್ಟಕದಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಒಂದು, ಮ್ಯಾನೊಮೀಟರಿನ ಎರಡೂ ತೋಳುಗಳ ಓದನ್ನು ಕೊಟ್ಟಿದ್ದೇನೆ, ವ್ಯತ್ಯಾಸವನ್ನಷ್ಟೇ ಅಲ್ಲ. ಕಳೆಯುವುದೂ ಲೆಕ್ಕದ ಒಂದು ಹೆಜ್ಜೆ, ಅಲ್ಲಿಯೂ ತಪ್ಪಾಗುತ್ತದೆ. ಎರಡು, ಅಳೆದ ಅಂಕಿಗಳು ಅಳೆದ ಏಕಮಾನದಲ್ಲೇ ಇವೆ. ಸ್ಕೇಲಿನಲ್ಲಿ ಸೆಂಟಿಮೀಟರ್ ಓದಿದ್ದರೆ ಇಲ್ಲಿಯೂ ಸೆಂಟಿಮೀಟರೇ ಇರಬೇಕು, ಬದಲಾಯಿಸುವುದನ್ನು ಲೆಕ್ಕದೊಳಗೆ ಎಲ್ಲರೆದುರು ಮಾಡಬೇಕು. ಮೂರು, ತೊಟ್ಟಿಯದು ‘ಒಳ ಅಳತೆ’ ಎಂದು ಸ್ಪಷ್ಟವಾಗಿ ಹೇಳಿದೆ. ತೊಟ್ಟಿಯ ಗೋಡೆ 5 ಮಿಲಿಮೀಟರ್ ದಪ್ಪವಿದ್ದು ಯಾರಾದರೂ ಹೊರಗಿನಿಂದ ಟೇಪು ಹಿಡಿದರೆ 0.51 ಮೀಟರ್ ಸಿಗುತ್ತದೆ, ವಿಸ್ತೀರ್ಣ ಶೇಕಡಾ 4ರಷ್ಟು ಹೆಚ್ಚುತ್ತದೆ. ಆಗ ಈ ಪ್ರಯೋಗದ ಗುಣಾಂಕ 0.96ರ ಬದಲು ಸರಿಸುಮಾರು 1.00 ಆಗಿ ನಿಲ್ಲುತ್ತದೆ. ‘ಒಳ’ ಎಂಬ ಎರಡಕ್ಷರ ಇಲ್ಲದಿದ್ದರೆ ಓದುಗನಿಗೆ ಆ ತಪ್ಪನ್ನು ಹಿಡಿಯುವ ದಾರಿಯೇ ಇರುವುದಿಲ್ಲ.

ಗುರುತ್ವ ವೇಗೋತ್ಕರ್ಷದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಅದರ ಬೆಲೆ ಸುಮಾರು 9.78. ವರ್ಗಮೂಲದೊಳಗೆ ಬರುವುದರಿಂದ ಉತ್ತರದ ಮೇಲೆ ಆಗುವ ಪರಿಣಾಮ ಶೇಕಡಾ 0.15 ಮಾತ್ರ, ಆದ್ದರಿಂದ 9.81 ಇಟ್ಟುಕೊಂಡರೆ ನಷ್ಟವಿಲ್ಲ. ಆದರೆ ಯಾವುದನ್ನು ಇಟ್ಟುಕೊಂಡಿರಿ ಎಂಬುದನ್ನು ಬರೆಯದೆ ಬಿಡಬಾರದು. ಓದುಗ ತನ್ನ ಕ್ಯಾಲ್ಕುಲೇಟರಿನಲ್ಲಿ 9.8 ಹಾಕಿ, ನಿಮ್ಮ ಕೊನೆಯ ಅಂಕಿಗೆ ತನ್ನದು ಹೊಂದದೆ, ತಪ್ಪು ಯಾರದೆಂದು ಒದ್ದಾಡಬೇಕಾಗುತ್ತದೆ.

ಒಂದು ಹೆಜ್ಜೆಗೆ ಮೂರು ಸಾಲು

ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಕ್ರಮ ಸರಳವಾದದ್ದು. ಪ್ರತಿ ಹೆಜ್ಜೆಯಲ್ಲೂ ಮೊದಲ ಸಾಲಿನಲ್ಲಿ ಚಿಹ್ನೆಗಳಿರುವ ಸೂತ್ರ, ಎರಡನೆಯ ಸಾಲಿನಲ್ಲಿ ಅದೇ ಕ್ರಮದಲ್ಲಿ ಏಕಮಾನಗಳೊಂದಿಗೆ ಅಂಕಿಗಳು, ಮೂರನೆಯ ಸಾಲಿನಲ್ಲಿ ಏಕಮಾನದೊಂದಿಗೆ ಉತ್ತರ. ಎರಡನೆಯ ಸಾಲಿನಲ್ಲಿ ಅಂಕಿಗಳ ಸ್ಥಾನ ಸೂತ್ರದ ಚಿಹ್ನೆಗಳ ಸ್ಥಾನದಂತೆಯೇ ಇರಬೇಕು. ಅಲ್ಲಿಯೇ ಮನಸ್ಸಿನಲ್ಲಿ ಸುಲಭ ಮಾಡಿಕೊಂಡು ಬರೆದರೆ ಯಾವ ಅಂಕಿ ಯಾವ ಚಿಹ್ನೆಯ ಬದಲಿಗೆ ಬಂತೆಂದು ಓದುಗ ಹುಡುಕುತ್ತಾ ಕೂರಬೇಕಾಗುತ್ತದೆ.

ಮೊದಲ ಹೆಜ್ಜೆ ವಿಸ್ತೀರ್ಣಗಳು. ಇಲ್ಲಿಯೇ ಮಿಲಿಮೀಟರನ್ನು ಮೀಟರಿಗೆ ತಂದುಬಿಡೋಣ.

```
d₁ = 40 mm × (1 m / 1000 mm) = 0.040 m
d₂ = 20 mm × (1 m / 1000 mm) = 0.020 m

a₁ = (π/4) d₁²
   = (π/4) × (0.040 m)²
   = 1.2566 × 10⁻³ m²

a₂ = (π/4) d₂²
   = (π/4) × (0.020 m)²
   = 3.1416 × 10⁻⁴ m²
```

ಆವರಣದೊಳಗೆ ‘0.040 m’ ಎಂದು ಏಕಮಾನವನ್ನೂ ಸೇರಿಸಿ ವರ್ಗ ಮಾಡಿರುವುದನ್ನು ನೋಡಿ. ಹಾಗೆ ಬರೆದರೆ ಉತ್ತರದಲ್ಲಿ ಚದರ ಮೀಟರ್ ತಾನಾಗಿಯೇ ಬರುತ್ತದೆ, ಕೊನೆಯಲ್ಲಿ ನೆನಪಿನಿಂದ ಅಂಟಿಸಬೇಕಾಗಿಲ್ಲ. ಮಿಲಿಮೀಟರಿನಲ್ಲಿಯೇ ವರ್ಗ ಮಾಡಿ ಆಮೇಲೆ 1000ದಿಂದ ಭಾಗಿಸುವುದು ನಾನು ಪದೇಪದೇ ಕಾಣುವ ತಪ್ಪು. ಚದರ ಮಿಲಿಮೀಟರಿನಿಂದ ಚದರ ಮೀಟರಿಗೆ ಬರಲು ಹತ್ತು ಲಕ್ಷದಿಂದ ಭಾಗಿಸಬೇಕು. ಉದ್ದವನ್ನು ಮೊದಲೇ ಮೀಟರಿಗೆ ತಂದುಕೊಂಡವರಿಗೆ ಈ ತೊಡಕೇ ಬರುವುದಿಲ್ಲ.

ಒಂದೇ ಮೀಟರ್, ಎರಡು ದ್ರವ

ಎರಡನೆಯ ಹೆಜ್ಜೆಯೇ ಈ ಪ್ರಯೋಗದ ನಿಜವಾದ ಪರೀಕ್ಷೆ.

```
x = h₁ − h₂
  = 31.4 cm − 16.8 cm
  = 14.6 cm = 0.146 m   (ಪಾದರಸದ ಕಂಬ)

h = x (Sm/Sw − 1)
  = 0.146 m × (13.6/1.0 − 1)
  = 0.146 m × 12.6
  = 1.8396 m            (ನೀರಿನ ಕಂಬ)
```

x ಕೂಡ ಮೀಟರಿನಲ್ಲಿದೆ, h ಕೂಡ ಮೀಟರಿನಲ್ಲಿದೆ. ಏಕಮಾನವನ್ನಷ್ಟೇ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಒಂದು ಪಾದರಸದ ಎತ್ತರ, ಇನ್ನೊಂದು ನೀರಿನ ಎತ್ತರ. ಹೀಗಾಗಿ ಈ ಹೆಜ್ಜೆಯಲ್ಲಿ ಏಕಮಾನದ ಪಕ್ಕದಲ್ಲಿ ದ್ರವದ ಹೆಸರನ್ನೂ ಬರೆಯಲೇಬೇಕು. 14.6 ಸೆಂಟಿಮೀಟರಿನಿಂದ ಒಮ್ಮೆಲೇ 1.84 ಮೀಟರಿಗೆ ಹಾರಿದ್ದನ್ನು ನೋಡಿ ಬೆರಗಾಗುವ ಓದುಗನಿಗೆ ಆ ಎರಡು ಪದಗಳೇ ಉತ್ತರ.

13.6ರ ಬದಲು 12.6 ಏಕೆ? ಮ್ಯಾನೊಮೀಟರಿನಲ್ಲಿ ಪಾದರಸದ ಮೇಲೆ ಇರುವುದು ಗಾಳಿಯಲ್ಲ, ನೀರು. ಒಂದು ತೋಳಿನಲ್ಲಿ ಪಾದರಸ x ಎತ್ತರಕ್ಕೆ ನಿಂತಿದ್ದರೆ ಇನ್ನೊಂದು ತೋಳಿನಲ್ಲಿ ಅಷ್ಟೇ ಎತ್ತರಕ್ಕೆ ನೀರು ನಿಂತಿರುತ್ತದೆ. ಆ ನೀರಿನ ಪಾಲನ್ನು ಕಳೆಯಬೇಕು. ಸೂತ್ರದಲ್ಲಿರುವ ‘−1’ ಅದೇ ನೀರು. ಈ ಒಂದು ವಾಕ್ಯವನ್ನು ಲೆಕ್ಕದ ಪಕ್ಕದಲ್ಲಿ ಬರೆಯುವುದರಿಂದ ಜಾಗ ಹಾಳಾಗುವುದಿಲ್ಲ.

ಇದನ್ನು ಇಷ್ಟು ಹೇಳಲು ಕಾರಣವಿದೆ. ಒಮ್ಮೆ ಪ್ರಾಯೋಗಿಕ ಪರೀಕ್ಷೆಗೆಂದು ಬೇರೊಂದು ಕಾಲೇಜಿಗೆ ಹೋಗಿದ್ದೆ. ಒಂದು ಇಡೀ ತಂಡದ ರೆಕಾರ್ಡ್‌ಗಳಲ್ಲಿ ಗುಣಾಂಕ 0.92ರ ಆಸುಪಾಸಿನಲ್ಲಿತ್ತು. ನೋಡಲು ತಪ್ಪೆನಿಸುವ ಅಂಕಿಯಲ್ಲ, ಹಳೆಯ ಉಪಕರಣವಿರಬಹುದು ಎಂದುಕೊಂಡು ಮುಂದೆ ಹೋಗಬಹುದಿತ್ತು. ಎಲ್ಲರ ಮಾದರಿ ಲೆಕ್ಕದಲ್ಲೂ ಒತ್ತಡದ ವ್ಯತ್ಯಾಸ ಒಂದೇ ಸಾಲಿನಲ್ಲಿ, ಬರೀ ಉತ್ತರವಾಗಿ ಕುಳಿತಿತ್ತು. ಒಬ್ಬ ಹುಡುಗಿ ಮಾತ್ರ ಅಂಕಿಗಳನ್ನು ಹಾಕಿದ ಸಾಲನ್ನು ಬಿಡದೆ ಬರೆದಿದ್ದಳು. ಅಲ್ಲಿ ‘× 13.6’ ಇತ್ತು. ನಮ್ಮ ಉದಾಹರಣೆಯಲ್ಲಿಯೂ 13.6 ಹಾಕಿ ನೋಡಿ, 0.96 ಬರಬೇಕಾದ ಕಡೆ 0.92 ಬರುತ್ತದೆ. ತಪ್ಪು ಎಲ್ಲರದೂ ಒಂದೇ ಆಗಿತ್ತು. ಅದನ್ನು ಹಿಡಿಯಲು ಸಾಧ್ಯವಾದದ್ದು ಅವಳ ಒಂದು ಸಾಲಿನಿಂದ. ಅವಳ ಅಂಕ ಕಳೆಯಲು ನನಗೆ ಮನಸ್ಸಾಗಲಿಲ್ಲ.

ದೊಡ್ಡ ಸೂತ್ರವನ್ನು ಒಡೆದು ಬರೆಯುವುದು

ಸೈದ್ಧಾಂತಿಕ ಹರಿವಿನ ಸೂತ್ರ ಪುಸ್ತಕದಲ್ಲಿ ಹೀಗಿರುತ್ತದೆ:

```
Qth = a₁ a₂ √(2 g h) / √(a₁² − a₂²)
```

ಇದರೊಳಗೆ ಎಲ್ಲ ಅಂಕಿಗಳನ್ನೂ ಒಮ್ಮೆಲೇ ತುಂಬಿದರೆ ಆ ಸಾಲು ಪುಟದ ಅಂಚು ದಾಟುತ್ತದೆ, ಓದುಗನ ಕಣ್ಣು ಸೋಲುತ್ತದೆ. ಇದರಲ್ಲಿ ಎರಡು ಭಾಗಗಳಿವೆ. ವಿಸ್ತೀರ್ಣಗಳಷ್ಟೇ ಇರುವ ಭಾಗ ಉಪಕರಣಕ್ಕೆ ಸೇರಿದ್ದು, ಎಲ್ಲ ಓದುಗಳಿಗೂ ಒಂದೇ. ವರ್ಗಮೂಲದೊಳಗಿನ ಭಾಗ ಓದಿನಿಂದ ಓದಿಗೆ ಬದಲಾಗುತ್ತದೆ. ಬೇರೆಬೇರೆಯಾಗಿ ಬರೆದರೆ ಈ ಸಂಗತಿಯೂ ಓದುಗನಿಗೆ ಗೊತ್ತಾಗುತ್ತದೆ.

```
K = a₁ a₂ / √(a₁² − a₂²)
  = (1.2566×10⁻³ m² × 3.1416×10⁻⁴ m²)
    / √[(1.2566×10⁻³ m²)² − (3.1416×10⁻⁴ m²)²]
  = 3.2446 × 10⁻⁴ m²

√(2 g h) = √(2 × 9.81 m/s² × 1.8396 m)
         = √(36.093 m²/s²)
         = 6.0077 m/s

Qth = K √(2 g h)
    = 3.2446×10⁻⁴ m² × 6.0077 m/s
    = 1.9493 × 10⁻³ m³/s
```

ಏಕಮಾನಗಳ ದಾರಿಯನ್ನು ಒಮ್ಮೆ ನಡೆದು ನೋಡಿ. ಮೇಲೆ ಚದರ ಮೀಟರ್ ಎರಡು ಸಲ, ಕೆಳಗೆ ವರ್ಗಮೂಲದಿಂದ ಹೊರಬಂದ ಚದರ ಮೀಟರ್ ಒಂದು ಸಲ. ಉಳಿದದ್ದು ಚದರ ಮೀಟರ್, ಅಂದರೆ K ಒಂದು ವಿಸ್ತೀರ್ಣ. ವರ್ಗಮೂಲದೊಳಗೆ ಮೀಟರ್ ವರ್ಗ ಭಾಗ ಸೆಕೆಂಡ್ ವರ್ಗ, ಹೊರಗೆ ಬಂದರೆ ಅದು ವೇಗ. ವಿಸ್ತೀರ್ಣ ಗುಣಿಸು ವೇಗ, ಹರಿವು. ‘√(36.093 m²/s²)’ ಎಂಬ ಸಾಲನ್ನು ಅನೇಕರು ಅನಗತ್ಯವೆಂದು ಬಿಡುತ್ತಾರೆ. ಆದರೆ ಯಾರಾದರೂ h ಅನ್ನು ಸೆಂಟಿಮೀಟರಿನಲ್ಲೇ ಹಾಕಿದ್ದರೆ ಬಣ್ಣ ಬಯಲಾಗುವುದು ಅಲ್ಲಿ. ಮೀಟರ್ ಮತ್ತು ಸೆಂಟಿಮೀಟರ್ ಒಂದೇ ವರ್ಗಮೂಲದೊಳಗೆ ಪಕ್ಕಪಕ್ಕ ಕುಳಿತಿರುವುದು ಬರೆಯುವವನಿಗೇ ಕಾಣುತ್ತದೆ. ಕಾಣದೆ ಮುಂದೆ ಹೋದರೆ ಹರಿವು ಹತ್ತು ಪಟ್ಟಾಗಿ ಗುಣಾಂಕ 0.096ಕ್ಕೆ ಇಳಿಯುತ್ತದೆ.

ಸಮ ಚಿಹ್ನೆಯ ಬಗ್ಗೆ ಒಂದು ಮಾತು. ಕ್ಯಾಲ್ಕುಲೇಟರಿನಲ್ಲಿ ಒತ್ತಿದ ಹಾಗೆಯೇ ಬರೆಯುವ ಅಭ್ಯಾಸ ಕೆಲವರಿಗಿದೆ:

```
0.146 × 13.6 = 1.9856 − 0.146 = 1.8396
```

ಕೊನೆಯ ಅಂಕಿ ಸರಿ, ಬರವಣಿಗೆ ತಪ್ಪು. 0.146 × 13.6 ಎಂಬುದು 1.8396ಕ್ಕೆ ಸಮವಲ್ಲ. ಸಮ ಚಿಹ್ನೆಯ ಎಡಕ್ಕಿರುವುದೂ ಬಲಕ್ಕಿರುವುದೂ ಯಾವಾಗಲೂ ಒಂದೇ ಆಗಿರಬೇಕು. ಒಂದು ಸಾಲಿಗೆ ಒಂದೇ ಸಮ ಚಿಹ್ನೆ, ಅವೆಲ್ಲ ಒಂದರ ಕೆಳಗೊಂದು ನೇರವಾಗಿ ನಿಂತಿರಬೇಕು ಎಂಬ ನಿಯಮ ಪಾಲಿಸಿದರೆ ಈ ತಪ್ಪು ನುಸುಳಲು ಜಾಗವಿರುವುದಿಲ್ಲ. ಮೇಲಿನ ಲೆಕ್ಕದಲ್ಲಿ ಏಕಮಾನ ಬದಲಿಸುವಾಗ ಮಾತ್ರ ಒಂದೇ ಸಾಲಿನಲ್ಲಿ ಎರಡು ಸಮ ಚಿಹ್ನೆ ಬಳಸಿದ್ದೇನೆ, ಅಲ್ಲಿ ಮೂರೂ ಬೆಲೆಗಳು ನಿಜವಾಗಿಯೂ ಸಮ.

ವಾಸ್ತವ ಹರಿವು ಮತ್ತು ಗುಣಾಂಕ

ಇದು ಸುಲಭದ ಭಾಗ.

```
R = 20.0 cm = 0.200 m

Qact = L × B × R / t
     = 0.50 m × 0.50 m × 0.200 m / 26.7 s
     = 0.0500 m³ / 26.7 s
     = 1.8727 × 10⁻³ m³/s

Cd = Qact / Qth
   = (1.8727×10⁻³ m³/s) / (1.9493×10⁻³ m³/s)
   = 0.9607
   ≈ 0.96   (ಏಕಮಾನವಿಲ್ಲ)
```

ಕೊನೆಯಲ್ಲಿ ‘ಏಕಮಾನವಿಲ್ಲ’ ಎಂದು ಬರೆಯಿರಿ. ಜಾಗ ಖಾಲಿ ಬಿಟ್ಟರೆ ಅದು ಮರೆತದ್ದೋ ಇಲ್ಲವೆಂದು ತಿಳಿದು ಬಿಟ್ಟದ್ದೋ ಓದುಗನಿಗೆ ತಿಳಿಯುವುದಿಲ್ಲ. ಎರಡು ಹರಿವುಗಳಲ್ಲಿ ಒಂದನ್ನು ಲೀಟರಿನಲ್ಲೂ ಇನ್ನೊಂದನ್ನು ಘನ ಮೀಟರಿನಲ್ಲೂ ಇಟ್ಟು ಭಾಗಿಸಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಗುಣಾಂಕ ಒಂದು ಅನುಪಾತ. ಎರಡು ಹರಿವಿನಲ್ಲೂ ಒಂದೇ ತಪ್ಪು ಸೇರಿದ್ದರೆ ಅವು ಪರಸ್ಪರ ಕರಗಿ ಗುಣಾಂಕ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಎರಡು ಹರಿವುಗಳನ್ನೂ ಬೇರೆಬೇರೆಯಾಗಿ ಏಕಮಾನದೊಂದಿಗೆ ಬರೆದು ತೋರಿಸದೆ ನೇರವಾಗಿ ಅನುಪಾತಕ್ಕೆ ಹಾರಬೇಡಿ.

ಎಷ್ಟು ಅಂಕಿ ಇಟ್ಟುಕೊಳ್ಳಬೇಕು

ನಡುವಿನ ಹೆಜ್ಜೆಗಳಲ್ಲಿ ಐದು ಸಾರ್ಥಕ ಅಂಕಿಗಳನ್ನು ಇಟ್ಟುಕೊಂಡು ಕೊನೆಯಲ್ಲಿ ಎರಡಕ್ಕೆ ಇಳಿಸಿದ್ದೇನೆ. ಇದು ಅತಿಯೆನಿಸಬಹುದು. ಕಡಿಮೆ ಇಟ್ಟುಕೊಂಡರೆ ಏನಾಗುತ್ತದೆಂದು ನೋಡೋಣ.

ಹರಿವುಗಳನ್ನು ಎರಡೇ ಅಂಕಿಗೆ ಇಳಿಸಿದಿರಿ ಎನ್ನೋಣ. ಸೈದ್ಧಾಂತಿಕ ಹರಿವು 1.9493, ಅಂದರೆ 1.9. ವಾಸ್ತವ ಹರಿವು 1.8727, ಅದೂ 1.9. ಭಾಗಿಸಿದರೆ ಸರಿಯಾಗಿ 1. ಘರ್ಷಣೆಯೇ ಇಲ್ಲದ ವೆಂಚುರಿಮೀಟರ್ ಸಿದ್ಧವಾಯಿತು! ನಾವು ಹುಡುಕುತ್ತಿರುವ ಶೇಕಡಾ 4ರ ವ್ಯತ್ಯಾಸ ಇಡೀ ಇಡಿಯಾಗಿ ಅಂಕಿ ಇಳಿಸುವುದರಲ್ಲೇ ಕೊಚ್ಚಿಹೋಯಿತು. ಎರಡು ಹತ್ತಿರದ ಬೆಲೆಗಳನ್ನು ಭಾಗಿಸುವ ಅಥವಾ ಕಳೆಯುವ ಯಾವ ಲೆಕ್ಕದಲ್ಲೂ ಈ ಅಪಾಯವಿದೆ.

ನಾಲ್ಕು ಅಂಕಿ ಇಟ್ಟರೆ ಗುಣಾಂಕಕ್ಕೆ ತೊಂದರೆಯಿಲ್ಲ, ಆದರೆ ಓದುಗನಿಗೆ ಬೇರೊಂದು ಕಿರಿಕಿರಿ. 3.245 × 6.008 ಎಂದು ನೀವು ಬರೆದು, ಕ್ಯಾಲ್ಕುಲೇಟರಿನ ಒಳಗಿರುವ ಪೂರ್ತಿ ಅಂಕಿಗಳಿಂದ 1.949 ಎಂಬ ಉತ್ತರ ಕೊಡುತ್ತೀರಿ. ಓದುಗ ಪುಟದ ಮೇಲಿರುವುದನ್ನೇ ಗುಣಿಸಿದರೆ ಅವನಿಗೆ 1.950 ಸಿಗುತ್ತದೆ. ಅಲ್ಲಿಗೆ ಅವನ ನಂಬಿಕೆ ಅಲುಗುತ್ತದೆ. ಪುಟದಲ್ಲಿ ಕಾಣುವ ಅಂಕಿಗಳಿಂದಲೇ ಪುಟದಲ್ಲಿ ಕಾಣುವ ಉತ್ತರ ಬರಬೇಕು. ಲೆಕ್ಕ ಬರೆದು ಮುಗಿಸಿದ ಮೇಲೆ ಕ್ಯಾಲ್ಕುಲೇಟರಿನ ನೆನಪನ್ನು ಅಳಿಸಿ, ಬರೆದ ಅಂಕಿಗಳನ್ನೇ ಮತ್ತೆ ಒತ್ತಿ ನೋಡಿ.

ಕೊನೆಯ ಉತ್ತರ ಏಕೆ 0.96, ಏಕೆ 0.9607 ಅಲ್ಲ? ಉತ್ತರ ನಮ್ಮ ಅಳತೆಗಳಲ್ಲಿದೆ. ಸಮಯದ ಓದುಗಳು 26.5ರಿಂದ 26.9ರವರೆಗೆ ಹರಡಿವೆ. ನೀರಿನ ಮಟ್ಟ ಗುರುತನ್ನು ಮುಟ್ಟಿದ್ದನ್ನು ಕಣ್ಣು ನೋಡಿ ಬೆರಳು ಸ್ಟಾಪ್‌ವಾಚ್ ಒತ್ತುವಷ್ಟರ ವಿಳಂಬವನ್ನೂ ಸೇರಿಸಿ 0.3 ಸೆಕೆಂಡಿನ ಅನಿಶ್ಚಿತತೆ ಎನ್ನೋಣ, ಅದು ಶೇಕಡಾ 1.1. ಪಾದರಸದ ವ್ಯತ್ಯಾಸದಲ್ಲಿ 2 ಮಿಲಿಮೀಟರ್ ಎಂದರೆ ಶೇಕಡಾ 1.4, ವರ್ಗಮೂಲದೊಳಗಿರುವುದರಿಂದ ಹರಿವಿನಲ್ಲಿ ಅದರ ಅರ್ಧ, ಶೇಕಡಾ 0.7. ನೀರಿನ ಎತ್ತರದಲ್ಲಿ 1 ಮಿಲಿಮೀಟರ್ ಎಂದರೆ ಶೇಕಡಾ 0.5. ಇವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು ಶೇಕಡಾ 1.4. ಅಂದರೆ ಗುಣಾಂಕ 0.96, ಅದರ ಆಚೆಈಚೆ 0.01. ಮೂರನೆಯ ದಶಮಾಂಶ ಸ್ಥಾನದಲ್ಲಿ ಏನಿದೆಯೆಂದು ಈ ಪ್ರಯೋಗಕ್ಕೆ ಗೊತ್ತಿಲ್ಲ. ಗಂಟಲಿನ ವ್ಯಾಸವನ್ನು ಫಲಕದಿಂದ ನಂಬಿಕೊಂಡಿದ್ದೇವೆ ಎಂಬುದೂ ನೆನಪಿರಲಿ. ಆ ವ್ಯಾಸ ಶೇಕಡಾ 1ರಷ್ಟು ತಪ್ಪಿದ್ದರೆ ಹರಿವು ಶೇಕಡಾ 2ಕ್ಕೂ ಹೆಚ್ಚು ತಪ್ಪುತ್ತದೆ, ಅದು ನಮ್ಮ ಎಲ್ಲ ಓದುಗಳಲ್ಲೂ ಒಂದೇ ದಿಕ್ಕಿನಲ್ಲಿರುತ್ತದೆ.

ಉತ್ತರ ಬಂದ ಮೇಲೆ

ಲೆಕ್ಕದ ಕೆಳಗೆ ಒಂದೆರಡು ಸಾಲಿನಲ್ಲಿ, ಬಂದ ಅಂಕಿ ನಂಬುವಂಥದ್ದೇ ಎಂದು ನೋಡಿದ್ದನ್ನು ಬರೆಯಿರಿ. 1.8727 × 10⁻³ ಘನ ಮೀಟರ್ ಎಂದರೆ ಸೆಕೆಂಡಿಗೆ ಸುಮಾರು 1.87 ಲೀಟರ್. ಹತ್ತು ಲೀಟರಿನ ಬಕೆಟ್ಟು ಐದೂವರೆ ಸೆಕೆಂಡಿನೊಳಗೆ ತುಂಬುವ ಹರಿವು. ಪ್ರಯೋಗಾಲಯದ ಪಂಪಿನ ಮುಂದೆ ನಿಂತವರಿಗೆ ಇದು ಸರಿಯೆನಿಸುತ್ತದೆ. ಅದೇ ಜಾಗದಲ್ಲಿ 18.7 ಲೀಟರ್ ಬಂದಿದ್ದರೆ ಬಕೆಟ್ಟು ಅರೆ ಸೆಕೆಂಡಿನಲ್ಲಿ ತುಂಬಬೇಕಾಗಿತ್ತು, ತಪ್ಪು ಅಲ್ಲಿಯೇ ಗೊತ್ತಾಗುತ್ತಿತ್ತು. ಗುಣಾಂಕ 1ಕ್ಕಿಂತ ಹೆಚ್ಚು ಬಂದಿದ್ದರೆ ಬರೆಯುವುದನ್ನು ನಿಲ್ಲಿಸಿ ತೊಟ್ಟಿಯ ಅಳತೆಗೂ ಮ್ಯಾನೊಮೀಟರ್ ನಳಿಕೆಯೊಳಗಿನ ಗಾಳಿಗುಳ್ಳೆಗಳಿಗೂ ಹಿಂದಿರುಗಿ. 0.24 ಬಂದಿದ್ದರೆ ಎರಡೂ ವಿಸ್ತೀರ್ಣಗಳಲ್ಲಿ 4ರಿಂದ ಭಾಗಿಸುವುದು ಬಿಟ್ಟುಹೋಗಿದೆ.

ಈಗ ಕೋಷ್ಟಕದ ಮೂರನೆಯ ಸಾಲಿಗೆ ಹೋಗಿ. ಅಲ್ಲಿರುವ h, ಎರಡು ಹರಿವುಗಳು, ಗುಣಾಂಕ ಎಲ್ಲವೂ ಕೈಯಿಂದ ಮಾಡಿದ ಲೆಕ್ಕಕ್ಕೆ ಹೊಂದಬೇಕು. ಕೋಷ್ಟಕವನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಮಾಡಿದ್ದರೆ ಈ ಹೋಲಿಕೆ ಇನ್ನೂ ಮುಖ್ಯ, ಏಕೆಂದರೆ ಅಲ್ಲಿನ ಕೋಶದಲ್ಲಿ ಏಕಮಾನ ಇರುವುದೇ ಇಲ್ಲ:

```
=12.6*(B5-C5)/100
```

ಇದರಲ್ಲಿ 100 ಎಂಬುದು ಸೆಂಟಿಮೀಟರನ್ನು ಮೀಟರಿಗೆ ತಂದದ್ದು ಎಂದು ಬರೆದವರಿಗಷ್ಟೇ ಗೊತ್ತು. ಸ್ಪ್ರೆಡ್‌ಶೀಟಿನ ಸೂತ್ರವನ್ನೇ ನಕಲಿಸಿ ಮಾದರಿ ಲೆಕ್ಕವೆಂದು ಅಂಟಿಸಿದರೆ ಎರಡೂ ಕಡೆ ಒಂದೇ ತಪ್ಪು ಇರುತ್ತದೆ, ಹೋಲಿಕೆ ಸುಳ್ಳಾಗುತ್ತದೆ. ಮಾದರಿ ಲೆಕ್ಕವನ್ನು ಕ್ಯಾಲ್ಕುಲೇಟರ್ ಹಿಡಿದು ಪ್ರತ್ಯೇಕವಾಗಿ ಮಾಡಿ, ಆಮೇಲೆ ಹೋಲಿಸಿ.

ಒಂದು ಸಾಲು ಹೊಂದಿದ ಮಾತ್ರಕ್ಕೆ ಉಳಿದ ಸಾಲುಗಳು ಸರಿಯೆಂದಾಗುವುದಿಲ್ಲ. ಅವನ್ನು ನೋಡಲು ಪೂರ್ತಿ ಲೆಕ್ಕ ಬೇಕಾಗಿಲ್ಲ. ಸೈದ್ಧಾಂತಿಕ ಹರಿವು ಪಾದರಸದ ವ್ಯತ್ಯಾಸದ ವರ್ಗಮೂಲದಂತೆ ಏರುತ್ತದೆ. ಎರಡನೆಯ ಸಾಲಿನ ವ್ಯತ್ಯಾಸ 6.5 ಸೆಂಟಿಮೀಟರ್ ಇದ್ದರೆ, 6.5 ಭಾಗ 14.6ರ ವರ್ಗಮೂಲ ಸುಮಾರು 0.667. ಅದರಿಂದ 1.9493 ಅನ್ನು ಗುಣಿಸಿದರೆ 1.30. ಕೋಷ್ಟಕದ ಆ ಸಾಲಿನಲ್ಲಿ 1.30 × 10⁻³ ಇರಬೇಕು. ಇಲ್ಲದಿದ್ದರೆ ಆ ಸಾಲಿನ ಓದನ್ನು ನಕಲಿಸುವಾಗ ಏನೋ ಜಾರಿದೆ.

ಮಾದರಿ ಲೆಕ್ಕವನ್ನು ಕೋಷ್ಟಕದ ಮರುಪುಟದಲ್ಲೋ ಕೆಳಗೋ ಇಡಿ, ವರದಿಯ ಕೊನೆಯ ಅನುಬಂಧಕ್ಕೆ ತಳ್ಳಬೇಡಿ. ಓದುಗ ಒಂದು ಕಣ್ಣನ್ನು ಮೂರನೆಯ ಸಾಲಿನ ಮೇಲೂ ಇನ್ನೊಂದನ್ನು ಲೆಕ್ಕದ ಮೇಲೂ ಇಟ್ಟು ಓದಬೇಕು. ಕೊನೆಗೆ, ರೆಕಾರ್ಡನ್ನು ಸಹಿಗೆ ಒಪ್ಪಿಸುವ ಮುನ್ನ ಈ ಪ್ರಯೋಗದ ದಿನ ರಜೆಯಲ್ಲಿದ್ದ ಗೆಳೆಯನೊಬ್ಬನ ಕೈಗೆ ಆ ಪುಟವನ್ನೂ ಒಂದು ಕ್ಯಾಲ್ಕುಲೇಟರನ್ನೂ ಕೊಡಿ. ನೀವು ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ‘ಈ 12.6 ಎಲ್ಲಿಂದ ಬಂತು?’ ಎಂದು ಅವನು ತಲೆಯೆತ್ತಿ ಕೇಳಿದರೆ ಬಾಯಲ್ಲಿ ಉತ್ತರ ಹೇಳಬೇಡಿ. ಆ ಉತ್ತರವನ್ನು ಪುಟದ ಮೇಲೆ, ಆ ಸಾಲಿನ ಪಕ್ಕದಲ್ಲೇ ಬರೆಯಿರಿ.